ರೀಫಂಡ್ ಮುಚ್ಚಿದ ಖಾತೆಗೆ ಹೋದರೆ ಹಣ ಮುಳುಗಿತೇ? ಆದಾಯ ತೆರಿಗೆ ಮರುಪಾವತಿಯನ್ನು ಮತ್ತೆ ಪಡೆಯುವುದು ಹೀಗೆ

"ನಿಮಗೆ 15,490 ರೂಪಾಯಿ ಆದಾಯ ತೆರಿಗೆ ರೀಫಂಡ್ ಮಂಜೂರಾಗಿದೆ. ನಿಮ್ಮ ಖಾತೆ ಸಂಖ್ಯೆ ಸರಿಯಿಲ್ಲದಿದ್ದರೆ ಈ ಲಿಂಕ್ ಒತ್ತಿ ಸರಿಪಡಿಸಿ." ಹೀಗೊಂದು ಸಂದೇಶ 2023ರಲ್ಲಿ ದೇಶದ ತುಂಬ ಓಡಾಡಿತು. ಅದು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಆಗಲೇ ಹೇಳಿತ್ತು. ಮೊತ್ತ ಬದಲಾಯಿಸಿಕೊಂಡು ಇಂಥದ್ದೇ ಸಂದೇಶಗಳು ಪ್ರತಿ ವರ್ಷ ರಿಟರ್ನ್ ಸಲ್ಲಿಸುವ ಕಾಲಕ್ಕೆ ಮತ್ತೆ ವಾಟ್ಸಾಪ್‌ಗೆ ಬರುತ್ತವೆ.

ಈ ಮೋಸ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಒಂದು ಕಾರಣವಿದೆ. ಸಂದೇಶ ಸುಳ್ಳಾದರೂ ಅದು ಹೇಳುವ ತೊಂದರೆ ನಿಜ. ಖಾತೆ ಮುಚ್ಚಿದ್ದರೆ, ಸಂಖ್ಯೆ ತಪ್ಪಿದ್ದರೆ, ಹೆಸರು ಹೊಂದದಿದ್ದರೆ ರೀಫಂಡ್ ನಿಜವಾಗಿಯೂ ವಾಪಸ್ ಹೋಗುತ್ತದೆ. ಆಗ ಇಲಾಖೆಯೂ ಮೆಸೇಜ್, ಇಮೇಲ್ ಕಳಿಸುತ್ತದೆ. ಹಣಕ್ಕಾಗಿ ಕಾಯುತ್ತಿರುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೆಲವರು ನಕಲಿ ಲಿಂಕ್ ಒತ್ತಿ ಇದ್ದ ಹಣವನ್ನೂ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ನಿಜವಾದ ಮೆಸೇಜನ್ನೂ ಮೋಸವೆಂದು ಅಳಿಸಿಹಾಕಿ, ಬರಬೇಕಾದ ಹಣವನ್ನು ವರ್ಷಗಟ್ಟಲೆ ಅಲ್ಲೇ ಬಿಟ್ಟಿರುತ್ತಾರೆ. ಹಾಗಾಗಿ ನಿಜವಾದ ದಾರಿ ಯಾವುದು ಎಂದು ಗೊತ್ತಿರಬೇಕು. ಅದಕ್ಕೆ ಯಾವ ಲಿಂಕೂ ಬೇಡ, ಶುಲ್ಕವೂ ಇಲ್ಲ.

ಹಣ ಎಲ್ಲಿಗೆ ಹೋಗಿರುತ್ತದೆ?

ನಾವು ಸಲ್ಲಿಸುವ ರಿಟರ್ನ್ ಪರಿಶೀಲನೆಯಾಗುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. ಎಲ್ಲರೂ ಇದನ್ನು ಸಿಪಿಸಿ ಎನ್ನುತ್ತಾರೆ. ಕಟ್ಟಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಕಡಿತವಾಗಿದೆ ಎಂದು ಲೆಕ್ಕ ಬಂದರೆ ಸಿಪಿಸಿ ಆ ವಿವರವನ್ನು ರೀಫಂಡ್ ಬ್ಯಾಂಕಿಗೆ ಕಳಿಸುತ್ತದೆ. ಈ ಕೆಲಸ ಮಾಡುವುದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ನಿಮ್ಮ ಖಾತೆ ಯಾವ ಬ್ಯಾಂಕಿನದ್ದಾದರೂ ಹಣ ಹೊರಡುವುದು ಎಸ್‌ಬಿಐನಿಂದ.

ಆ ಹಣ ನಿಮ್ಮ ಬ್ಯಾಂಕಿಗೆ ಬಂದಾಗ ಖಾತೆ ಮುಚ್ಚಿದ್ದರೆ ಬ್ಯಾಂಕ್ ಅದನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಕಾರಣ ಬರೆದು ಎಸ್‌ಬಿಐಗೆ ಹಿಂದಿರುಗಿಸುತ್ತದೆ, ಅಲ್ಲಿಂದ ಮಾಹಿತಿ ಸಿಪಿಸಿಗೆ ಹೋಗುತ್ತದೆ. ನಿಮ್ಮ ರಿಟರ್ನ್ ಮುಂದೆ ರೀಫಂಡ್ ವಿಫಲವಾಗಿದೆ ಎಂದು ದಾಖಲಾಗುತ್ತದೆ. ಅಂದರೆ ಹಣ ಮುಳುಗಿಲ್ಲ, ಇಲಾಖೆಯ ಬಳಿಯೇ ನಿಮ್ಮ ಹೆಸರಿನಲ್ಲಿದೆ. ಆದರೆ ತಾನಾಗಿಯೇ ಎರಡನೇ ಸಲ ಹೊರಡುವುದಿಲ್ಲ. ಯಾವ ಖಾತೆಗೆ ಕಳಿಸಬೇಕೆಂದು ನೀವು ಹೇಳಬೇಕು.

ಮೊದಲು ರೀಫಂಡ್ ಚೆಕ್ ಅಂಚೆಯಲ್ಲೂ ಬರುತ್ತಿತ್ತು. 2019ರ ಮಾರ್ಚ್ 1ರಿಂದ ಇಲಾಖೆ ಪ್ಯಾನ್ ಜೋಡಣೆಯಾದ ಖಾತೆಗೆ ಮಾತ್ರ ಹಣ ಹಾಕುತ್ತದೆ. ಜೊತೆಗೆ ಆ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿರಬೇಕು. "ಚೆಕ್ ಮನೆಗೆ ಬರುತ್ತದೆ, ಕಾಯಿರಿ" ಎಂದು ಈಗ ಯಾರಾದರೂ ಹೇಳಿದರೆ ಅದು ಹಳೆಯ ಕಾಲದ ಮಾತು.

ಬ್ಯಾಂಕಿನ ಬೋರ್ಡ್ ಬದಲಾದ ಊರುಗಳಲ್ಲಿ ಈ ತೊಂದರೆ ಹೆಚ್ಚು

ಹಿರಿಯೂರು ತಾಲ್ಲೂಕಿನ ಐಮಂಗಲ ಹಿರಿಯೂರು ಮತ್ತು ಚಿತ್ರದುರ್ಗದ ನಡುವೆ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ಇಲ್ಲಿನ, ಇಂಥದ್ದೇ ಬೇರೆ ಊರುಗಳ ಹಿರಿಯರ ಟ್ರಂಕಿನಲ್ಲಿರುವ ಪಾಸ್‌ಬುಕ್‌ಗಳನ್ನು ತೆಗೆದು ನೋಡಿದರೆ ಕರ್ನಾಟಕದ ಬ್ಯಾಂಕುಗಳ ಇತಿಹಾಸವೇ ಸಿಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಆಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಉದ್ದ. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಎಂದಿದ್ದದ್ದು ಪ್ರಗತಿ ಗ್ರಾಮೀಣ ಆಯಿತು, ಪ್ರಗತಿ ಕೃಷ್ಣ ಗ್ರಾಮೀಣ ಆಯಿತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು.

ಬ್ಯಾಂಕ್ ವಿಲೀನವಾದರೆ ಖಾತೆ ಹಾಳಾಗುವುದಿಲ್ಲ, ಆದರೆ ಐಎಫ್‌ಎಸ್‌ಸಿ ಬದಲಾಗುತ್ತದೆ. ಹಳೆಯ ಸಿಂಡಿಕೇಟ್ ಶಾಖೆಗಳ ಸಂಕೇತ `SYNB` ಎಂದು ಶುರುವಾಗುತ್ತಿತ್ತು. 2021ರ ಜುಲೈ 1ರಿಂದ ಅದು ನಡೆಯುವುದಿಲ್ಲ, `CNRB` ಎಂದು ಶುರುವಾಗುವ ಹೊಸ ಸಂಕೇತ ಬೇಕು. `VIJB`, `CORP`, `SBMY` ಎಂದು ಶುರುವಾಗುವವೂ ಈಗ ಚಲಾವಣೆಯಲ್ಲಿಲ್ಲ. ನಿಮ್ಮ ಪಾಸ್‌ಬುಕ್‌ನಲ್ಲಿ ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಅದನ್ನು ನೋಡಿ ಪೋರ್ಟಲ್‌ನಲ್ಲಿ ತುಂಬಬೇಡಿ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಖಾತೆ ಸಂಖ್ಯೆಯೂ ಅದೇ ಇದೆಯೇ ಎಂದು ನೋಡಿಕೊಳ್ಳಿ. ಇಂಟರ್ನೆಟ್‌ನಲ್ಲಿ ಹುಡುಕಿ ಸಿಕ್ಕ ಐಎಫ್‌ಎಸ್‌ಸಿಯನ್ನು ನಂಬುವುದಕ್ಕಿಂತ ಪಾಸ್‌ಬುಕ್‌ನಲ್ಲಿ ಅಚ್ಚಾದದ್ದನ್ನು ನಂಬುವುದು ಮೇಲು, ಏಕೆಂದರೆ ಹಳೆಯ ಪಟ್ಟಿಗಳು ಇನ್ನೂ ಅಲ್ಲಿ ತೇಲುತ್ತಿರುತ್ತವೆ.

ಒಂದು ಉದಾಹರಣೆ: ಮೇಷ್ಟ್ರ 12,420 ರೂಪಾಯಿ

ಲೆಕ್ಕ ಅರ್ಥವಾಗಲೆಂದು ಐಮಂಗಲದ ಒಬ್ಬ ನಿವೃತ್ತ ಮೇಷ್ಟ್ರನ್ನು ಕಲ್ಪಿಸಿಕೊಳ್ಳೋಣ. ತಿಂಗಳಿಗೆ 30,000 ರೂಪಾಯಿ ಪಿಂಚಣಿ. ನಿವೃತ್ತಿಯಾದಾಗ ಬಂದ ಹಣವನ್ನು ಠೇವಣಿ ಇಟ್ಟಿದ್ದರಿಂದ 2024-25ರಲ್ಲಿ 1,20,000 ರೂಪಾಯಿ ಬಡ್ಡಿ ಬಂದಿದೆ. ಬ್ಯಾಂಕ್ ಅದರ ಮೇಲೆ ಶೇ. 10ರಂತೆ 12,000 ರೂಪಾಯಿ ಟಿಡಿಎಸ್ ಕಡಿದಿದೆ. ಒಟ್ಟು ಆದಾಯ 4,80,000. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಕಡಿದ 12,000 ಪೂರ್ತಿ ವಾಪಸ್ ಬರಬೇಕು.

ಅವರು 2025ರ ಸೆಪ್ಟೆಂಬರ್ 10ರಂದು ರಿಟರ್ನ್ ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸಿದರು. ಆ ಸಲ ಕೊನೆಯ ದಿನ ಸೆಪ್ಟೆಂಬರ್ 16ರವರೆಗೆ ಮುಂದೆ ಹೋಗಿತ್ತು, ಆದ್ದರಿಂದ ಇದು ಗಡುವಿನೊಳಗೇ ಆಯಿತು. ಗಡುವಿನೊಳಗೆ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ. 0.5ರಂತೆ ಸರಳ ಬಡ್ಡಿ ಸಿಗುತ್ತದೆ. 12,000ಕ್ಕೆ ಅದು ತಿಂಗಳಿಗೆ 60 ರೂಪಾಯಿ. ಸಿಪಿಸಿ ಅಕ್ಟೋಬರ್ ಮೊದಲ ವಾರ ಲೆಕ್ಕ ಮುಗಿಸಿತು. ತಿಂಗಳ ಭಾಗವನ್ನೂ ಪೂರ್ತಿ ತಿಂಗಳೆಂದೇ ಹಿಡಿಯುವುದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳು, 420 ರೂಪಾಯಿ. ಒಟ್ಟು 12,420.

ಹಣ ಬರಲಿಲ್ಲ. ಮೇಷ್ಟ್ರು ರೀಫಂಡ್‌ಗೆ ಆರಿಸಿದ್ದ ಖಾತೆ ಹಿರಿಯೂರಿನ ಒಂದು ಶಾಖೆಯದು. ಅದನ್ನು ಎರಡು ವರ್ಷದ ಹಿಂದೆ ಪೋರ್ಟಲ್‌ನಲ್ಲಿ ದೃಢೀಕರಿಸಿದ್ದರು. ಆಮೇಲೆ ಪಿಂಚಣಿಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿ ಆ ಖಾತೆಯನ್ನು ಮುಚ್ಚಿದ್ದರು. ಪೋರ್ಟಲ್‌ನಲ್ಲಿ ಮಾತ್ರ ಅದರ ಮುಂದೆ "Validated" ಎಂದೇ ಇತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. "ದೃಢೀಕರಣವಾಗಿದೆ ಎಂದು ತೋರಿಸುತ್ತಿದೆಯಲ್ಲ, ಮತ್ತೇಕೆ ಫೇಲಾಯಿತು?" ಎಂದು ಕೇಳುತ್ತಾರೆ. ದೃಢೀಕರಣ ಎಂದರೆ ಆ ದಿನ ತೆಗೆದ ಫೋಟೊ ಇದ್ದಂತೆ. ಆ ದಿನ ಖಾತೆ ಇತ್ತು, ಹೆಸರು ಮತ್ತು ಪ್ಯಾನ್ ಹೊಂದಿದವು, ಅಷ್ಟೇ. ನಂತರ ಖಾತೆ ಮುಚ್ಚಿದರೆ ಪೋರ್ಟಲ್‌ಗೆ ಆಗಲೇ ಗೊತ್ತಾಗಬೇಕೆಂದಿಲ್ಲ. ಖಾತೆ ಮುಚ್ಚುವವರು ಬ್ಯಾಂಕಿನಲ್ಲಿ ಸಹಿ ಹಾಕಿದ ದಿನವೇ ಪೋರ್ಟಲ್‌ನಿಂದಲೂ ಅದನ್ನು ತೆಗೆದುಹಾಕಿದ್ದರೆ ಈ ಓಡಾಟ ಇರುವುದಿಲ್ಲ.

ಮೊದಲು ಏನಾಗಿದೆ ಎಂದು ನೋಡಿ

ಮೊಬೈಲ್‌ನ ಬ್ರೌಸರ್‌ನಲ್ಲಿ `www.incometax.gov.in` ಎಂದು ನೀವೇ ಟೈಪ್ ಮಾಡಿ. ಮೆಸೇಜಿನಲ್ಲಿ ಬಂದ ಲಿಂಕ್ ಬೇಡ, ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತೂ ಬೇಡ. ಪ್ಯಾನ್ ಮತ್ತು ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, "e-File" ಅಡಿಯಲ್ಲಿ "Income Tax Returns", ಅದರೊಳಗೆ "View Filed Returns" ತೆರೆಯಿರಿ. ಆ ವರ್ಷದ ರಿಟರ್ನ್ ಎಲ್ಲಿಗೆ ಬಂದು ನಿಂತಿದೆ ಎಂಬುದು ಅಲ್ಲಿ ಕಾಣುತ್ತದೆ.

ಅಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ರಿಟರ್ನ್ ಇನ್ನೂ ಸಂಸ್ಕರಣೆಯಲ್ಲಿದೆ ಎಂದಿದ್ದರೆ ರೀಫಂಡ್ ಹೊರಟೇ ಇಲ್ಲ, ಖಾತೆಯ ಪ್ರಶ್ನೆ ಆಮೇಲಿನದು. ರೀಫಂಡ್ ಹೊರಟಿದ್ದರೆ ಸಾಮಾನ್ಯವಾಗಿ ನಾಲ್ಕೈದು ವಾರದೊಳಗೆ ಖಾತೆಗೆ ಬರುತ್ತದೆ. ಹಳೆಯ ಬಾಕಿಗೆ ಹೊಂದಿಸಲಾಗಿದೆ ಎಂದಿದ್ದರೆ ಅದು ಬೇರೆಯೇ ವಿಷಯ. ಹಿಂದಿನ ಯಾವುದೋ ವರ್ಷದ ತೆರಿಗೆ ಬಾಕಿಗೆ ಈ ಹಣವನ್ನು ಮುರಿದುಕೊಂಡಿದ್ದಾರೆ ಎಂದರ್ಥ, ಮರು ಬಿಡುಗಡೆ ಕೋರಿಕೆಯಿಂದ ಅದು ವಾಪಸ್ ಬರುವುದಿಲ್ಲ. ರೀಫಂಡ್ ವಿಫಲ ಎಂದಿದ್ದರೆ ಮಾತ್ರ ಈ ಲೇಖನದ ಕೆಲಸ. ವಿಫಲವಾದದ್ದಕ್ಕೆ ಕಾರಣವನ್ನೂ ಸಾಮಾನ್ಯವಾಗಿ ತೋರಿಸಿರುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ.

ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಖಾತೆ ಎಷ್ಟು ಸರಿ ಇದ್ದರೂ ರೀಫಂಡ್ ಬರುವುದಿಲ್ಲ. 2023ರ ಜುಲೈ 1ರಿಂದ ಈ ನಿಯಮವಿದೆ. ನಿಷ್ಕ್ರಿಯವಾಗಿದ್ದ ಅವಧಿಗೆ ಬಡ್ಡಿಯೂ ಇಲ್ಲ. ಆ ತೊಂದರೆ ಇದ್ದವರು ಮೊದಲು 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಿಕೊಳ್ಳಬೇಕು, ಮಿಕ್ಕದ್ದು ನಂತರ.

ಸರಿಯಾದ ಖಾತೆಯನ್ನು ಸೇರಿಸುವುದು

ಬಹಳ ಜನ ನೇರವಾಗಿ ಮರು ಬಿಡುಗಡೆಗೆ ಅರ್ಜಿ ಹಾಕಲು ಹೋಗಿ, ಆರಿಸಲು ಖಾತೆಯೇ ಇಲ್ಲದೆ ನಿಲ್ಲುತ್ತಾರೆ. ಮೊದಲು ಚಾಲ್ತಿಯಲ್ಲಿರುವ ಒಂದು ಖಾತೆ ದೃಢೀಕರಣವಾಗಿರಬೇಕು.

ಮೇಲೆ ಬಲಗಡೆ ನಿಮ್ಮ ಹೆಸರು ಒತ್ತಿ "My Profile" ಗೆ ಹೋದರೆ "My Bank Account" ಎಂದು ಕಾಣುತ್ತದೆ. ಹೊಸ ಖಾತೆಯಾದರೆ "Add Bank Account" ಒತ್ತಿ ಖಾತೆ ಸಂಖ್ಯೆ, ಖಾತೆಯ ಬಗೆ, ಐಎಫ್‌ಎಸ್‌ಸಿ ತುಂಬಬೇಕು. ಖಾತೆ ಅದೇ ಇದ್ದು ಐಎಫ್‌ಎಸ್‌ಸಿ ಮಾತ್ರ ಬದಲಾಗಿದ್ದರೆ ಹೊಸ ಸಂಕೇತ ಹಾಕಿ ಮತ್ತೆ ದೃಢೀಕರಣಕ್ಕೆ ಕಳಿಸಬೇಕು. ವಿವರ ನಿಮ್ಮ ಬ್ಯಾಂಕಿಗೆ ಹೋಗಿ ಉತ್ತರ ಬರುತ್ತದೆ. ಎಷ್ಟೋ ಸಲ ಅದೇ ದಿನ ಆಗುತ್ತದೆ. ಕೆಲವು ಬ್ಯಾಂಕುಗಳಿಂದ ಹತ್ತು ಹನ್ನೆರಡು ಕೆಲಸದ ದಿನ ಹಿಡಿಯುವುದೂ ಉಂಟು. ಉತ್ತರ ಬಂದ ಮೇಲೆ ಆ ಖಾತೆಯ ಪಕ್ಕದಲ್ಲಿರುವ "Nominate for Refund" ಗುಂಡಿಯನ್ನು ಬಲಕ್ಕೆ ಸರಿಸಿ. ಮುಚ್ಚಿದ ಖಾತೆಯಲ್ಲಿ ಅದೇ ಗುಂಡಿಯನ್ನು ಎಡಕ್ಕೆ ಸರಿಸಿ, ಆ ಖಾತೆಯನ್ನು ತೆಗೆದುಹಾಕಿ. ಅದು ಅಲ್ಲೇ ಉಳಿದರೆ ಮುಂದಿನ ವರ್ಷ ರಿಟರ್ನ್ ತುಂಬಿಕೊಡುವವರು ಕಣ್ತಪ್ಪಿ ಮತ್ತೆ ಅದನ್ನೇ ಆರಿಸಬಹುದು.

ಮೇಷ್ಟ್ರ ಹೊಸ ಖಾತೆ ಮೊದಲ ಸಲ ದೃಢೀಕರಣವಾಗಲಿಲ್ಲ, "Failed Bank Accounts" ಪಟ್ಟಿಗೆ ಬಿತ್ತು. ಕಾರಣ ಹೆಸರು. ನಮ್ಮ ಕಡೆ ಇದು ಬಲು ಸಾಮಾನ್ಯ. ತಿಪ್ಪೇಸ್ವಾಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪ್ಯಾನ್‌ನಲ್ಲಿ `THIPPESWAMY`, ಪಾಸ್‌ಬುಕ್‌ನಲ್ಲಿ `TIPPESWAMY T`, ಆಧಾರ್‌ನಲ್ಲಿ ಇನ್ನೊಂದು ಥರ. ಒಂದು ಕಡೆ ಊರಿನ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು. ನಮ್ಮ ಕಣ್ಣಿಗೆ ಎಲ್ಲವೂ ಒಬ್ಬರೇ, ಕಂಪ್ಯೂಟರಿಗೆ ಬೇರೆ ಬೇರೆ ಜನ.

ಆಗ ಪ್ಯಾನ್ ತಿದ್ದಿಸಬೇಕೇ, ಬ್ಯಾಂಕಿನಲ್ಲಿ ತಿದ್ದಿಸಬೇಕೇ? ಪ್ಯಾನ್ ಮತ್ತು ಆಧಾರ್ ಈಗಾಗಲೇ ಜೋಡಣೆಯಾಗಿದ್ದರೆ ಬ್ಯಾಂಕಿನಲ್ಲಿ ತಿದ್ದಿಸುವುದೇ ಸುಲಭ. ಪ್ಯಾನ್ ಮುಟ್ಟಿದರೆ ಆಧಾರ್, ಪಿಂಚಣಿ, ಟಿಡಿಎಸ್ ಎಲ್ಲದರ ಹೊಂದಾಣಿಕೆ ಮತ್ತೆ ನೋಡಬೇಕಾಗುತ್ತದೆ. ಪ್ಯಾನ್ ಕಾರ್ಡ್ ಮತ್ತು ಆಧಾರ್ ಪ್ರತಿ ಹಿಡಿದುಕೊಂಡು ಶಾಖೆಗೆ ಹೋಗಿ, "ಪ್ಯಾನ್‌ನಲ್ಲಿರುವಂತೆ ಹೆಸರು ಮಾಡಿಕೊಡಿ, ಖಾತೆಗೆ ಪ್ಯಾನ್ ಸೇರಿದೆಯಾ ನೋಡಿ" ಎಂದು ಕೆವೈಸಿ ನವೀಕರಣದ ಅರ್ಜಿ ಕೊಡಿ. ಈ ಎರಡನೇ ಮಾತನ್ನು ಕೇಳಲು ಮರೆಯಬೇಡಿ. ಹಳೆಯ ಎಷ್ಟೋ ಉಳಿತಾಯ ಖಾತೆಗಳಿಗೆ ಪ್ಯಾನ್ ಸೇರಿಸಿರುವುದೇ ಇಲ್ಲ. ಹೆಸರು ಸರಿಯಿದ್ದರೂ ದೃಢೀಕರಣ ಬೀಳುವುದಕ್ಕೆ ಇದೂ ಒಂದು ಕಾರಣ. ಬಹಳ ದಿನದಿಂದ ವ್ಯವಹಾರವಿಲ್ಲದೆ, ಕೆವೈಸಿ ಮಾಡಿಸದೆ ಬ್ಯಾಂಕ್ ತಡೆಹಿಡಿದ ಖಾತೆಗೂ ಮದ್ದು ಇದೇ ಅರ್ಜಿ.

ಗಂಡ, ಹೆಂಡತಿ ಅಥವಾ ಮಗನ ಖಾತೆ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುವುದಿಲ್ಲ. ಖಾತೆಗೆ ಸೇರಿರುವ ಪ್ಯಾನ್ ರಿಟರ್ನ್ ಸಲ್ಲಿಸಿದವರದ್ದೇ ಆಗಿರಬೇಕು.

ಮರು ಬಿಡುಗಡೆಗೆ ಕೋರಿಕೆ

ಖಾತೆ ಸಿದ್ಧವಾದ ಮೇಲೆ ಉಳಿಯುವುದು ಐದು ನಿಮಿಷದ ಕೆಲಸ. ಮೇಲಿನ ಪಟ್ಟಿಯಲ್ಲಿ "Services" ಒತ್ತಿ "Refund Reissue" ಆರಿಸಿ. ಅಲ್ಲಿ "Create Refund Reissue Request" ಎಂದಿರುತ್ತದೆ. ಅದನ್ನು ಒತ್ತಿದರೆ ರೀಫಂಡ್ ವಿಫಲವಾದ ರಿಟರ್ನ್‌ಗಳು ವರ್ಷದೊಂದಿಗೆ ಬರುತ್ತವೆ. ನಿಮ್ಮದನ್ನು ಆರಿಸಿ "Continue" ಕೊಟ್ಟರೆ ದೃಢೀಕರಣವಾದ ಖಾತೆಗಳ ಪಟ್ಟಿ ಬರುತ್ತದೆ. ಸರಿಯಾದದ್ದನ್ನು ಆರಿಸಿ, ಕೊನೆಯ ನಾಲ್ಕು ಅಂಕಿಯನ್ನು ಪಾಸ್‌ಬುಕ್ ಜೊತೆ ತಾಳೆ ನೋಡಿ, "Proceed to Verification" ಒತ್ತಿ.

ಇಲ್ಲಿ ಆಧಾರ್ ಒಟಿಪಿ ಕೇಳುತ್ತದೆ. ಈ ಒಟಿಪಿಯನ್ನು ನೀವೇ, ನಿಮ್ಮ ಕಣ್ಣೆದುರಿನ ಪರದೆಯಲ್ಲೇ ತುಂಬಬೇಕು. ಆಧಾರ್‌ಗೆ ಕೊಟ್ಟಿದ್ದ ನಂಬರ್ ಈಗ ಇಲ್ಲದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಅಥವಾ ಬ್ಯಾಂಕ್ ಖಾತೆಯ ಮೂಲಕ ಬರುವ ಇವಿಸಿ ಸಂಕೇತದಿಂದ ದೃಢೀಕರಿಸಬಹುದು. ಬ್ಯಾಂಕ್ ಖಾತೆಯಿಂದ ಇವಿಸಿ ಬೇಕಾದರೆ ಖಾತೆಯ ಮುಂದೆ "Validated and EVC enabled" ಎಂದಿರಬೇಕು. ಕೋರಿಕೆ ಸಲ್ಲಿಕೆಯಾದರೆ ಒಂದು ವ್ಯವಹಾರ ಸಂಖ್ಯೆ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೇನಾಯಿತು ಎಂದು ಅದೇ "Refund Reissue" ಪುಟದಲ್ಲಿ ನೋಡಬಹುದು.

ಇದಕ್ಕಾಗಿ ರಿಟರ್ನನ್ನು ಮತ್ತೆ ಸಲ್ಲಿಸಬೇಕು, ಪರಿಷ್ಕೃತ ರಿಟರ್ನ್ ಹಾಕಬೇಕು ಎಂದು ಕೆಲವು ವಿಡಿಯೊಗಳು ಹೇಳುತ್ತವೆ. ಬೇಕಾಗಿಲ್ಲ. ಆದಾಯದ ಲೆಕ್ಕ ಬದಲಾಗಿದ್ದರೆ ಮಾತ್ರ ಪರಿಷ್ಕೃತ ರಿಟರ್ನ್ ಬೇಕು. ಖಾತೆ ಬದಲಾದದ್ದಕ್ಕೆ ಹಾಕಿದರೆ ಮುಗಿದಿದ್ದ ಸಂಸ್ಕರಣೆ ಮತ್ತೆ ಮೊದಲಿನಿಂದ ಶುರುವಾಗಿ ಇನ್ನಷ್ಟು ತಡವಾಗುತ್ತದೆ.

ಮೇಷ್ಟ್ರಿಗೆ ಹೊಸ ಖಾತೆಗೆ ಬಂದದ್ದು ಸುಮಾರು ಅದೇ 12,420. "ಇಷ್ಟು ತಿಂಗಳು ತಡವಾಯಿತಲ್ಲ, ಬಡ್ಡಿ ಸೇರಿಸಬೇಕಿತ್ತು" ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ತೆರಿಗೆದಾರರ ಕಡೆಯಿಂದ ಆದ ವಿಳಂಬದ ಅವಧಿಗೆ ಬಡ್ಡಿ ಕೊಡಬೇಕಾಗಿಲ್ಲ ಎಂದು ಕಾಯ್ದೆಯಲ್ಲೇ ಇದೆ, ಮುಚ್ಚಿದ ಖಾತೆ ಕೊಟ್ಟದ್ದು ಆ ಲೆಕ್ಕಕ್ಕೇ ಬರುತ್ತದೆ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. 12,000 ಅವರದ್ದೇ ಹಣ, ಅದಕ್ಕೆ ತೆರಿಗೆ ಇಲ್ಲ. ಮೇಲಿನ 420 ಮಾತ್ರ ಬಡ್ಡಿ ಆದಾಯ. ಅದು ಬಂದ ವರ್ಷದ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯ ಎಂದು ತೋರಿಸಬೇಕು.

ಪುಟದಲ್ಲಿ ನಿಮ್ಮ ರಿಟರ್ನ್ ಕಾಣದಿದ್ದರೆ

ಹಣ ಬಂದಿಲ್ಲ, ಆದರೆ ಮರು ಬಿಡುಗಡೆ ಪುಟ ಖಾಲಿ ಇದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಬ್ಯಾಂಕ್ ಹಿಂದಿರುಗಿಸಿದ ಮಾಹಿತಿ ಸಿಪಿಸಿಗೆ ಇನ್ನೂ ತಲುಪಿಲ್ಲ. ಕೆಲವು ದಿನ ಬಿಟ್ಟು ಮತ್ತೆ ನೋಡಿದರೆ ಕಾಣುತ್ತದೆ. ಇನ್ನೊಂದು, ಇಲಾಖೆಯ ಲೆಕ್ಕದಲ್ಲಿ ಹಣ ಪಾವತಿಯಾಗಿದೆ, ಅಂದರೆ ಅದು ಎಲ್ಲೋ ಒಂದು ಜೀವಂತ ಖಾತೆಗೆ ಜಮೆಯಾಗಿದೆ. ಬಹುಪಾಲು ಸಂದರ್ಭಗಳಲ್ಲಿ ಅದು ನಿಮ್ಮದೇ ಮರೆತುಹೋದ ಇನ್ನೊಂದು ಖಾತೆ ಆಗಿರುತ್ತದೆ. ಒಂದಕ್ಕಿಂತ ಹೆಚ್ಚು ಖಾತೆಗಳಿಗೆ "Nominate for Refund" ಕೊಟ್ಟಿದ್ದರೆ ಅವುಗಳಲ್ಲಿ ಯಾವುದಕ್ಕೂ ಹಣ ಬರಬಹುದು. ಹಾಗಾಗಿ ದೂರು ಕೊಡುವ ಮೊದಲು ಆ ಎಲ್ಲ ಪಾಸ್‌ಬುಕ್‌ಗಳಿಗೂ ಎಂಟ್ರಿ ಹಾಕಿಸಿ ನೋಡಿ.

ಹೆಸರು ಮತ್ತು ಪ್ಯಾನ್ ತಾಳೆ ನೋಡುವ ಈಗಿನ ಪದ್ಧತಿಯಲ್ಲಿ ಬೇರೆಯವರ ಖಾತೆಗೆ ಹಣ ಹೋಗುವುದು ಅಪರೂಪ. ಹಾಗೆ ಹೋಗಿದ್ದರೆ "Refund Reissue" ಅದನ್ನು ಸರಿಪಡಿಸುವುದಿಲ್ಲ. ಪೋರ್ಟಲ್‌ನ "Grievances" ಅಡಿಯಲ್ಲಿ ಸಿಪಿಸಿಗೆ ದೂರು ಸಲ್ಲಿಸಬೇಕು. ರೀಫಂಡ್ ಯಾವ ದಿನ ಪಾವತಿಯಾಗಿದೆ ಎಂದು ತೋರಿಸುವ ಪುಟದ ಚಿತ್ರ, ಆ ಅವಧಿಯ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಲಗತ್ತಿಸಿ, "ಈ ಮೊತ್ತ ನನ್ನ ಖಾತೆಗೆ ಜಮೆಯಾಗಿಲ್ಲ" ಎಂದು ನೇರವಾಗಿ ಬರೆಯಿರಿ. ಸಹಾಯವಾಣಿ 1800 103 0025 ಮತ್ತು 1800 419 0025, ಎರಡೂ ಉಚಿತ. ಕರೆ ನೀವೇ ಮಾಡಬೇಕು. ಇಲಾಖೆಯವರು ಎಂದು ಹೇಳಿಕೊಂಡು ತಾವಾಗಿ ಕರೆ ಮಾಡಿ ಒಟಿಪಿ, ಎಟಿಎಂ ಪಿನ್ ಅಥವಾ ಕಾರ್ಡಿನ ಸಂಖ್ಯೆ ಕೇಳುವವರು ಇಲಾಖೆಯವರಲ್ಲ. ರೀಫಂಡ್ ಕಳಿಸಲು ಇವು ಯಾವುದೂ ಬೇಕಾಗಿಲ್ಲ. ಈಗಾಗಲೇ ಲಿಂಕ್ ಒತ್ತಿ ವಿವರ ಕೊಟ್ಟಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ ಖಾತೆಯನ್ನು ತಡೆಹಿಡಿಸಿ.

ರಿಟರ್ನ್ ಸಲ್ಲಿಸಿಕೊಡುವ ಅಂಗಡಿಯವರ ವಿಷಯವೂ ಸ್ವಲ್ಪ ಹೇಳಬೇಕು. ಎಷ್ಟೋ ಮನೆಗಳಲ್ಲಿ ಪೋರ್ಟಲ್‌ನಲ್ಲಿರುವ ಮೊಬೈಲ್ ನಂಬರ್ ಮತ್ತು ಇಮೇಲ್ ತೆರಿಗೆದಾರರದ್ದಲ್ಲ, ಅಂಗಡಿಯವರದ್ದು. ರೀಫಂಡ್ ವಿಫಲವಾದ ಮೆಸೇಜ್ ಹೋಗುವುದು ಅವರಿಗೆ. ನೂರಾರು ಜನರ ಮೆಸೇಜಿನ ನಡುವೆ ನಿಮ್ಮದು ಅಲ್ಲೇ ಉಳಿದುಬಿಡುತ್ತದೆ. "My Profile" ನಲ್ಲಿ ಸಂಪರ್ಕ ವಿವರ ನೋಡಿ, ನಂಬರ್ ನಿಮ್ಮದಾಗಿ ಬದಲಾಯಿಸಿಕೊಳ್ಳಿ. ಸಹಾಯಕ್ಕೆ ಅಂಗಡಿಗೆ ಹೋಗುವುದರಲ್ಲಿ ತಪ್ಪೇನಿಲ್ಲ, ಆದರೆ ಬರುವ ರೀಫಂಡ್‌ನಲ್ಲಿ ಶೇಕಡಾ ಇಷ್ಟು ಎಂದು ಕೇಳಿದರೆ ಕೊಡಬೇಕಾಗಿಲ್ಲ. ಮರು ಬಿಡುಗಡೆಗೆ ಸರ್ಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ.

ತೆರಿಗೆದಾರರೇ ತೀರಿಹೋಗಿದ್ದರೆ

ಖಾತೆ ಮುಚ್ಚಿರುವುದಕ್ಕೆ ಎಷ್ಟೋ ಸಲ ಕಾರಣ ಇದೇ. ತಂದೆ ತೀರಿಕೊಂಡ ಮೇಲೆ ಮಕ್ಕಳು ಖಾತೆ ಮುಚ್ಚಿಸುತ್ತಾರೆ, ಆಮೇಲೆ ರೀಫಂಡ್ ಬಂದು ಹಿಂದಿರುಗುತ್ತದೆ. ಆಗ ತಂದೆಯ ಮೊಬೈಲ್ ಮನೆಯಲ್ಲಿದೆಯೆಂದು ಅವರ ಲಾಗಿನ್‌ನಿಂದಲೇ ಅರ್ಜಿ ಹಾಕಬಾರದು. ವಾರಸುದಾರರು ತಮ್ಮ ಸ್ವಂತ ಪ್ಯಾನ್‌ನಿಂದ ಪೋರ್ಟಲ್‌ಗೆ ಹೋಗಿ, "Authorised Partners" ಅಡಿಯಲ್ಲಿರುವ "Register as Representative Assessee" ಮೂಲಕ ಮೃತರ ಕಾನೂನುಬದ್ಧ ವಾರಸುದಾರರೆಂದು ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಮೃತರ ಪ್ಯಾನ್, ವಾರಸುದಾರರ ಪ್ಯಾನ್, ವಾರಸುದಾರಿಕೆಯ ದಾಖಲೆ ಬೇಕು. ಈ ಕೊನೆಯದಕ್ಕೆ ನಮ್ಮಲ್ಲಿ ನಾಡಕಚೇರಿಯಲ್ಲಿ ಕೊಡುವ ಜೀವಂತ ಕುಟುಂಬ ಸದಸ್ಯರ ದೃಢೀಕರಣ ಪತ್ರ ಕೆಲಸಕ್ಕೆ ಬರುತ್ತದೆ. ಅದು ಕೈಗೆ ಸಿಗಲು ದಿನ ಹಿಡಿಯುವುದರಿಂದ ಮೊದಲು ಅದಕ್ಕೇ ಅರ್ಜಿ ಕೊಟ್ಟು, ಮಿಕ್ಕ ಕಾಗದಗಳನ್ನು ಆ ನಡುವೆ ಹೊಂದಿಸಿಕೊಳ್ಳಿ.